ತಮ್ಮನನ್ನು ವೇದಿಕೆಯಲ್ಲಿ ಪರಿಚಯಿಸುವಾಗ ನಾನು ಮಾಡಿದ್ದು

ನಮ್ಮೂರ ಸೇವಾ ಸಹಕಾರ ಸಂಘದ ಕಾರ್ಯಕ್ರಮಗಳಲ್ಲಿ ಅತಿಥಿಗಳನ್ನು ಪರಿಚಯಿಸುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗಿದೆ. ಒಮ್ಮೆ ಮುಂಗಾರಿಗೆ ಮೊದಲು ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಬಗ್ಗೆ ಮಾಹಿತಿ ಸಭೆ ಇಟ್ಟುಕೊಂಡಾಗ, ಆಡಳಿತ ಮಂಡಳಿ ಉಪನ್ಯಾಸಕ್ಕೆ ಆರಿಸಿದ್ದು ನನ್ನ ತಮ್ಮನನ್ನು. ಅವನು ಸಸ್ಯರೋಗ ತಜ್ಞ. ಸಭೆಯಲ್ಲಿ ಕೂರುವವರಲ್ಲಿ ಅರ್ಧದಷ್ಟು ಜನ ಅವನನ್ನು ಚಡ್ಡಿ ಹಾಕಿಕೊಂಡು ತೋಟದಲ್ಲಿ ಓಡಾಡುವಾಗಿನಿಂದ ಬಲ್ಲವರು, ಉಳಿದರ್ಧ ಪಕ್ಕದ ಊರುಗಳಿಂದ ಬರುವವರು, ಅವನ ಮುಖವನ್ನೇ ನೋಡದವರು. ಈ ಇಬ್ಬರಿಗೂ ಒಂದೇ ಪರಿಚಯ ಹೊಂದಬೇಕಿತ್ತು.

ಮೊದಲು ನಾನು ಮಾಡಿದ್ದು, ಮನಸ್ಸಿನಲ್ಲಿದ್ದದ್ದನ್ನೆಲ್ಲ ಒಂದು ಹಾಳೆಯ ಮೇಲೆ ಇಳಿಸಿದ್ದು. ಅವನು ಚಿಕ್ಕಂದಿನಲ್ಲಿ ಉದುರಿದ ಕಾಯಿಗಳನ್ನು ಆರಿಸಿ ಕತ್ತರಿಸಿ ನೋಡುತ್ತಿದ್ದದ್ದು, ಒಂದು ಮಳೆಗಾಲದಲ್ಲಿ ನಮ್ಮ ತೋಟಕ್ಕೆ ಕೊಳೆ ಬಂದು ಅಪ್ಪ ಮಾತು ಬಿಟ್ಟು ಕೂತದ್ದು, ಪಿಎಚ್‌ಡಿ ಮಾಡುವಾಗ ಅವನು ಪಟ್ಟ ಪಾಡು. ಅದರ ಜೊತೆಗೆ ‘ಪ್ರತಿಭಾವಂತ’, ‘ಸರಳ’, ‘ನಿಗರ್ವಿ’ ಅನ್ನುವಂಥವೂ ಇದ್ದವು. ಹೀಗೆ ಬರೆದಿಟ್ಟರೆ ಮನಸ್ಸು ಹಗುರಾಗುತ್ತದೆ, ಮೈಕ್ ಮುಂದೆ ನಿಂತಾಗ ಅವು ಬಾಯಿಗೆ ನುಗ್ಗುವುದು ಕಡಿಮೆಯಾಗುತ್ತದೆ. ಆ ಹಾಳೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟೆ.

ಆಮೇಲೆ ಬೇರೆ ಅತಿಥಿಗಳಿಗೆ ಮಾಡುವಂತೆಯೇ ಅವನಿಗೂ ಫೋನ್ ಮಾಡಿ ವಿವರ ಕೇಳಿದೆ. "ನಿಂಗೆ ಗೊತ್ತಿಲ್ಲದ್ದು ಏನಿದೆ ಅಣ್ಣ?" ಅಂದ. "ಗೊತ್ತಿರೋದನ್ನ ಹೇಳೋ ಹಾಗಿಲ್ಲ, ನೀನು ಬರ್ಕೊಟ್ಟಿದ್ದನ್ನೇ ಹೇಳ್ತೀನಿ" ಅಂದೆ. ಅವನು ಕಳಿಸಿದ ಎರಡು ಪುಟದಲ್ಲಿ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕಿದೆ: ಇದನ್ನು ಅವನ ಅಣ್ಣನಲ್ಲದವನೂ ತಿಳಿದು, ವಿಚಾರಿಸಿ, ಹೌದು ಅನ್ನಬಹುದೇ? ಪದವಿ, ಕೆಲಸ ಮಾಡಿದ ಕಡೆ, ಯಾವ ರೋಗದ ಮೇಲೆ ಎಷ್ಟು ವರ್ಷ ಕೆಲಸ, ನಮ್ಮ ತಾಲ್ಲೂಕಿನ ತೋಟಗಳಿಂದ ಕೊಳೆತ ಕಾಯಿಗಳ ಮಾದರಿ ಒಯ್ದು ಪರೀಕ್ಷಿಸಿದ್ದು, ಇವೆಲ್ಲ ಉಳಿದವು. ಗುಣವಿಶೇಷಣಗಳು ಒಂದೂ ಉಳಿಯಲಿಲ್ಲ. ‘ಪ್ರತಿಭಾವಂತ’ ಅಂತ ಅಣ್ಣ ಹೇಳಿದರೆ ಅದು ಅಕ್ಕರೆ ಅಷ್ಟೇ. ಮಾದರಿ ಕೊಟ್ಟ ಬೆಳೆಗಾರರು ಸಭೆಯಲ್ಲೇ ಕೂತಿರುವಾಗ, ಮಾದರಿ ಒಯ್ದದ್ದನ್ನು ಹೇಳಿದರೆ ಅದಕ್ಕೆ ಅವರೇ ಸಾಕ್ಷಿ.

ಅಪ್ಪನ ಕತೆಯ ಬಗ್ಗೆ ಹೆಚ್ಚು ಹೊತ್ತು ಯೋಚಿಸಿದೆ. ವಿಷಯಕ್ಕೆ ನೇರ ಸಂಬಂಧವಿತ್ತು, ಕೇಳುವವರ ಮನಸ್ಸು ತಟ್ಟುತ್ತಿತ್ತು. ಆದರೂ ಬಿಟ್ಟೆ. ಅದು ತಮ್ಮನ ಬದುಕಿನ ಕತೆ. ಅದನ್ನು ಹೇಳಬೇಕೋ ಬೇಡವೋ, ಹೇಳಿದರೆ ಉಪನ್ಯಾಸದ ಯಾವ ಹಂತದಲ್ಲಿ ಅನ್ನುವುದು ಅವನಿಗೆ ಬಿಟ್ಟದ್ದು. ಪರಿಚಯದಲ್ಲೇ ನಾನದನ್ನು ಖರ್ಚು ಮಾಡಿಬಿಟ್ಟರೆ ಅವನು ಮಾತು ಶುರು ಮಾಡುವ ಮೊದಲೇ ಸಭೆ ನಮ್ಮ ಮನೆಯ ಜಗುಲಿಗೆ ಬಂದು ಕೂತಂತಾಗುತ್ತದೆ, ಅಲ್ಲಿಂದ ಅವರನ್ನು ಕೊಳೆರೋಗಕ್ಕೆ ಎಳೆದು ತರುವ ಕೆಲಸ ಅವನ ತಲೆಗೆ ಬೀಳುತ್ತದೆ.

ನನಗೆ ಅತಿ ಮುಖ್ಯ ಅನಿಸಿದ್ದು ‘ಇವರು ನನ್ನ ತಮ್ಮ’ ಅನ್ನುವ ಮಾತನ್ನು ಎಲ್ಲಿಡಬೇಕು ಅನ್ನುವುದು. ಹೇಳದೆ ಇರುವಂತಿಲ್ಲ, ಊರವರಿಗೆ ಗೊತ್ತು, ಹೊರಗಿನವರಿಗೆ ಚಹಾ ಹೊತ್ತಿಗೆ ಗೊತ್ತಾಗುತ್ತದೆ, ಆಗ ನಾನು ಹೇಳಿದ್ದಕ್ಕೆಲ್ಲ ಬೇರೆ ಅರ್ಥ ಬರುತ್ತದೆ. ಮೊದಲ ಸಾಲಿನಲ್ಲೇ ಹೇಳಿದರೆ ಸಭೆ ವಿಷಯ ಬಿಟ್ಟು ನಮ್ಮಿಬ್ಬರ ಮುಖ ಹೋಲಿಸಲು ಹೊರಡುತ್ತದೆ. ಅರ್ಹತೆಗಳನ್ನೆಲ್ಲ ಹೇಳಿ ಮುಗಿಸಿ ಕೊನೆಗೆ ಹೇಳಿದರೆ ಮುಚ್ಚಿಟ್ಟು ಬಿಚ್ಚಿದ ಹಾಗೆ ಕೇಳುತ್ತದೆ. ಹಾಗಾಗಿ ವಿಷಯ ಹೇಳಿದ ಮೇಲೆ, ಅರ್ಹತೆ ಹೇಳುವ ಮೊದಲು ಇಟ್ಟೆ. ಸಂಬಂಧ ಗೊತ್ತಿದ್ದೇ ಜನ ಅರ್ಹತೆಯನ್ನು ಕೇಳಿಸಿಕೊಂಡು ತೂಗಲಿ ಎಂದು. ಅದರ ಜೊತೆಗೇ ಕರೆದವರು ಯಾರು ಅನ್ನುವುದನ್ನೂ ಸೇರಿಸಿದೆ. ಕೊನೆಗೆ ಉಳಿದದ್ದು ಇಷ್ಟು:

"ಮಳೆ ಹಿಡಿಯುವ ಮೊದಲು ನಾವೆಲ್ಲ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಹೊಡೆದ ಮೇಲೂ ಒಂದು ತೋಟಕ್ಕೆ ಕೊಳೆ ಬರುತ್ತದೆ, ಬೇಲಿಯಾಚೆಯ ತೋಟಕ್ಕೆ ಬರುವುದಿಲ್ಲ. ಯಾಕೆ ಹೀಗೆ ಅನ್ನುವುದು ಇವತ್ತಿನ ವಿಷಯ. ಮಾತಾಡುವವರು ನನ್ನ ತಮ್ಮ. ಅವರನ್ನು ಕರೆಯುವ ತೀರ್ಮಾನ ಆಡಳಿತ ಮಂಡಳಿಯದ್ದು, ಆ ಚರ್ಚೆಯಲ್ಲಿ ನಾನಿರಲಿಲ್ಲ. ಸಸ್ಯರೋಗ ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ್ದಾರೆ, ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೊಳೆರೋಗದ ಮೇಲೆ ಕೆಲಸ ಮಾಡುತ್ತಿದ್ದಾರೆ. ನಮ್ಮ ತಾಲ್ಲೂಕಿನ ತೋಟಗಳಿಂದಲೂ ಮಾದರಿ ಒಯ್ದು ಪರೀಕ್ಷಿಸಿದ್ದಾರೆ. ಯಾವ ಔಷಧಿ ಕಂಪನಿಯ ಪರವಾಗಿಯೂ ಬಂದಿಲ್ಲ. ಎಲೆಚುಕ್ಕಿ ರೋಗ ಅವರ ಕ್ಷೇತ್ರವಲ್ಲ. ಆ ಪ್ರಶ್ನೆಗಳಿಗೆ ತೋಟಗಾರಿಕೆ ಇಲಾಖೆಯ ಅಧಿಕಾರಿಗಳು ಇಲ್ಲೇ ಇದ್ದಾರೆ."

ಇದಾದ ಮೇಲೆ ಹೆಸರು, ಒಂದು ನಮಸ್ಕಾರ, ಅಷ್ಟೆ. ಎಲೆಚುಕ್ಕಿಯ ಸಾಲನ್ನು ಅವನನ್ನು ಕೇಳಿಯೇ ಸೇರಿಸಿದೆ. ತನ್ನವನಿಗೆ ಏನು ಬರುವುದಿಲ್ಲ ಅನ್ನುವುದನ್ನೂ ಹೇಳಿದಾಗ, ಬರುತ್ತದೆ ಅಂದದ್ದನ್ನು ಜನ ನಂಬುತ್ತಾರೆ. ಔಷಧಿ ಕಂಪನಿಯ ಮಾತನ್ನೂ ಅವನಿಂದ ಖಚಿತಪಡಿಸಿಕೊಂಡೇ ಹೇಳಿದ್ದು. ಕೊಳೆರೋಗದ ಸಭೆಗಳಲ್ಲಿ ಬೆಳೆಗಾರರು ಮೊದಲು ಅನುಮಾನಪಡುವುದೇ ಅಲ್ಲಿ. ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತ, ಸುಣ್ಣದ ಅಳತೆಯಾಗಲಿ, ಎರಡನೇ ಸಿಂಪರಣೆ ಯಾವಾಗ ಅನ್ನುವುದಾಗಲಿ ನಾನು ಎತ್ತಲಿಲ್ಲ. ನನಗೂ ಗೊತ್ತು, ಸಭೆಗೂ ಗೊತ್ತು, ಆದರೆ ಅದನ್ನು ಹೇಳಬೇಕಾದವನು ಅವನು. ‘ಬಹಳ ಚೆನ್ನಾಗಿ ಮಾತಾಡುತ್ತಾರೆ’ ಅಂತಲೂ ಹೇಳಲಿಲ್ಲ, ಅದನ್ನು ಕೇಳಿದವರು ತೀರ್ಮಾನಿಸಲಿ.

ಬರೆದದ್ದನ್ನು ಮನೆಯವರಿಗೆ ಓದಿ ತೋರಿಸಲಿಲ್ಲ. ಅವರಿಗೆ ಕಡಿಮೆಯಾಯಿತು ಅನಿಸುವುದು ಖಂಡಿತ. ನಮ್ಮ ಬಂಧುವಲ್ಲದ, ಮುಲಾಜಿಲ್ಲದೆ ಮಾತಾಡುವ ಹಿರಿಯ ಬೆಳೆಗಾರರೊಬ್ಬರಿಗೆ ಓದಿದೆ. "‘ನಮ್ಮ ಹೆಮ್ಮೆಯ’ ಅಂದ್ರಲ್ಲ, ಅದೊಂದು ತೆಗೀರಿ ಮಾರಾಯ್ರೆ, ಯಾರ ಹೆಮ್ಮೆ ಅಂತ ಗೊತ್ತಾಗಲ್ಲ" ಅಂದರು. ತೆಗೆದೆ. ಅದೇ ದಿನ ಮಾತಾಡಲಿದ್ದ ಅಧಿಕಾರಿಗಳ ಪರಿಚಯವನ್ನೂ ಪಕ್ಕದಲ್ಲಿಟ್ಟು ಎರಡನ್ನೂ ಗಡಿಯಾರ ನೋಡಿಕೊಂಡು ಓದಿದೆ. ಎರಡೂ ಸುಮಾರು ಒಂದೂವರೆ ನಿಮಿಷಕ್ಕೆ ಬಂದವು. ಒಬ್ಬರಿಗೆ ಮೂರು ಸಾಲು, ಮನೆಯವನಿಗೆ ಒಂದು ಪುಟ ಆದರೆ ಒಳಗಿನ ಮಾತು ಎಷ್ಟೇ ಸಂಯಮದ್ದಾಗಿದ್ದರೂ ಪಕ್ಷಪಾತ ಕಂಡೇ ಕಾಣುತ್ತದೆ.

ಮನೆಯಲ್ಲಿ ಅವನಿಗೆ ನಾನು ಬಹುವಚನ ಬಳಸಿದವನಲ್ಲ. ವೇದಿಕೆಯಲ್ಲಿ ‘ಅವನು’ ಅಂದರೆ ಸಲಿಗೆ, ‘ಮಾನ್ಯರು’, ‘ಶ್ರೀಯುತರು’ ಅಂದರೆ ನಾಟಕ. ಬೇರೆ ಅತಿಥಿಗಳಿಗೆ ಹೇಳುವ ‘ಅವರು’ ಸಾಕು. ಆದರೆ ನಾಲಿಗೆಗೆ ಅಭ್ಯಾಸವಿಲ್ಲದ್ದರಿಂದ ‘ಮಾಡಿದ್ದಾನೆ’ ಅಂತ ಜಾರುವ ಅಪಾಯವಿತ್ತು. ಅದಕ್ಕೇ ಕ್ರಿಯಾಪದಗಳಿಗೆಲ್ಲ ಗೆರೆ ಎಳೆದು ಹಿಂದಿನ ದಿನ ಜೋರಾಗಿ ಓದಿದೆ, ಸಭೆಯಲ್ಲೂ ಹಾಳೆ ನೋಡಿಯೇ ಓದಿದೆ. ಓದುವಾಗ ಕಣ್ಣು ಸಭಿಕರ ಕಡೆ ಇಟ್ಟೆ. ತಮ್ಮನ ಕಡೆ ತಿರುಗಿ ಒಮ್ಮೆ ನಕ್ಕರೆ ಅದು ನಮ್ಮಿಬ್ಬರ ನಡುವಿನ ಮಾತಾಗುತ್ತದೆ, ಉಳಿದವರು ಹೊರಗಾಗುತ್ತಾರೆ. ಹೂಗುಚ್ಛ ಕೊಟ್ಟದ್ದು ಸಂಘದ ಅಧ್ಯಕ್ಷರು, ವಂದನಾರ್ಪಣೆಯನ್ನು ಬೇರೆ ನಿರ್ದೇಶಕರಿಗೆ ಮೊದಲೇ ವಹಿಸಿದ್ದೆ.

ಪಕ್ಷಪಾತಕ್ಕೆ ಇನ್ನೊಂದು ಬಾಗಿಲು ಪ್ರಶ್ನೋತ್ತರ. ಒಬ್ಬರು ಎದ್ದು, "ನೀವು ಹೇಳಿದ ಹಾಗೇ ಹೊಡೆದಿದ್ದೆ, ಆದ್ರೂ ಗೊನೆಗೊನೆ ಉದುರಿತು" ಅಂದರು. ಅವರು ಹೊಡೆದದ್ದು ಮಳೆ ಶುರುವಾದ ಮೇಲೆ ಅಂತ ನನಗೆ ಗೊತ್ತಿತ್ತು, ಬಾಯಿಗೂ ಬಂತು. ಮೈಕ್ ಅವರ ಕೈಗೆ ಕೊಟ್ಟು ಮೂರನೇ ಸಾಲಿನಲ್ಲಿ ಹೋಗಿ ಕೂತೆ. ಅವರು ಪೂರ್ತಿ ಹೇಳಿಕೊಂಡ ಮೇಲೆ ತಮ್ಮ ತಾನೇ ವಿಚಾರಿಸಿದ, ಯಾವ ವಾರ ಹೊಡೆದಿರಿ, ದ್ರಾವಣ ಯಾವಾಗ ತಯಾರಿಸಿದಿರಿ, ಗೊನೆಯ ಎಲ್ಲ ಕಡೆ ತಾಗಿತ್ತೇ ಅಂತ.

ಮುಂದೊಮ್ಮೆ ಸಂಘದಿಂದ ಅವನಿಗೆ ಸನ್ಮಾನ ಮಾಡುವುದೆಂದಾಗ ಪರಿಚಯ ನನ್ನಿಂದಾಗದು ಅಂದೆ. ಉಪನ್ಯಾಸಕ್ಕೆ ಕೇಳುಗರಿಗೆ ಬೇಕಾದ ಮಾಹಿತಿ ಕೊಟ್ಟರೆ ಸಾಕು. ಸನ್ಮಾನದಲ್ಲಿ ಹೊಗಳುವುದೇ ಕೆಲಸ, ಅದನ್ನು ಅಣ್ಣ ಮಾಡುವಂತಿಲ್ಲ. ಅವನು ಕಳಿಸಿದ್ದ ಅದೇ ಎರಡು ಪುಟವನ್ನೂ ಅವನ ಸಹೋದ್ಯೋಗಿಯೊಬ್ಬರ ಫೋನ್ ನಂಬರನ್ನೂ ಕಾರ್ಯದರ್ಶಿಯವರಿಗೆ ಕೊಟ್ಟೆ.