ಕಾಂಪ್ಲಿಮೆಂಟ್‌ನ ಮೂರು ದಾರಿಗಳನ್ನು ಒಂದೇ ಚಿತ್ರದಲ್ಲಿ ಬಿಡಿಸುವುದು ಹೇಗೆ?

ಕಾಂಪ್ಲಿಮೆಂಟ್ ಎಂದರೆ ಸೋಂಕಿನ ವಿರುದ್ಧ ಒಂದರ ಬೆನ್ನಿಗೆ ಒಂದು ಚುರುಕಾಗುವ ರಕ್ತದ ಪ್ರೋಟೀನುಗಳ ಗುಂಪು. ರೋಗನಿರೋಧಶಾಸ್ತ್ರದ ಉತ್ತರ ಪತ್ರಿಕೆಗಳನ್ನು ತಿದ್ದುವವರಿಗೆ ಇದರ ಚಿತ್ರ ಚೆನ್ನಾಗಿ ಪರಿಚಿತ. ಹಾಳೆಯ ಮೇಲ್ತುದಿಯಲ್ಲಿ ಕ್ಲಾಸಿಕಲ್, ಲೆಕ್ಟಿನ್, ಆಲ್ಟರ್ನೇಟಿವ್ ಎಂದು ಮೂರು ತಲೆಬರಹಗಳಿರುತ್ತವೆ. ಅವುಗಳಿಂದ ಮೂರು ಗೆರೆಗಳು ಕೆಳಗಿಳಿಯುತ್ತವೆ, ನಡುವೆ ಎಲ್ಲೋ ಜಾಗ ಸಾಲದೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಕೊನೆಗೆ ಪೊರೆ ಕೊರೆಯುವ ಮೆಂಬ್ರೇನ್ ಅಟ್ಯಾಕ್ ಕಾಂಪ್ಲೆಕ್ಸ್‌ನ ಹೆಸರು ಮಾತ್ರ ಬರೆದಿರುತ್ತದೆ. ಮೇಲಿನಿಂದ ಬಿಡಿಸಲು ಹೊರಟರೆ ಹೀಗಾಗುವುದು ಸಹಜ. ಆದ್ದರಿಂದ ಚಿತ್ರವನ್ನು ನಡುವಿನಿಂದ, ಅಂದರೆ ಸಿ3 ಎಂಬ ಪ್ರೋಟೀನಿನಿಂದಲೇ ಆರಂಭಿಸಬೇಕು.

ಹಂತ 1: ಸಿ3 ಅನ್ನು ನಡುವೆ ಇಡಿ

ಹಾಳೆಯನ್ನು ಅಡ್ಡಲಾಗಿ ಹಿಡಿದು, ಬ್ಯಾಕ್ಟೀರಿಯಾದ ಪೊರೆಯನ್ನು ಒಂದು ಉದ್ದ ಗೆರೆಯಾಗಿ ಎಳೆಯಿರಿ; ಅದರ ಮೇಲೆ, ನಡುಮಧ್ಯದಲ್ಲಿ, ಸಿ3 ಬರೆಯಿರಿ. ಕಾಂಪ್ಲಿಮೆಂಟ್ ಪ್ರೋಟೀನುಗಳಲ್ಲಿ ರಕ್ತದಲ್ಲಿ ಅತಿ ಹೆಚ್ಚು ಇರುವುದು ಇದೇ: ಒಂದು ಮಿಲಿಲೀಟರ್ ಸೀರಮ್‌ನಲ್ಲಿ ಸುಮಾರು 1 ಮಿಲಿಗ್ರಾಂ. ಇದನ್ನು ಕತ್ತರಿಸಿದಾಗ ಸಿ3ಎ ಎಂಬ ಚಿಕ್ಕ ತುಣುಕು ದ್ರವದಲ್ಲಿ ತೇಲಿಹೋಗಿ ಉರಿಯೂತವನ್ನು ಪ್ರಚೋದಿಸುತ್ತದೆ. ಉಳಿದ ಸಿ3ಬಿಯೊಳಗೆ ಅಡಗಿದ್ದ ಥಯೋಎಸ್ಟರ್ ಬಂಧ ಹೊರಬಂದು, ಹತ್ತಿರದ ಮೇಲ್ಮೈಯ ಹೈಡ್ರಾಕ್ಸಿಲ್ ಅಥವಾ ಅಮೈನೋ ಗುಂಪಿನೊಂದಿಗೆ ಕೋವೇಲೆಂಟ್ ಬಂಧ ಮಾಡಿಕೊಳ್ಳುತ್ತದೆ. ಕ್ಷಣಾರ್ಧದಲ್ಲಿ ಹೀಗೆ ಅಂಟಿಕೊಳ್ಳದಿದ್ದರೆ ನೀರೇ ಆ ಬಂಧವನ್ನು ಮುಗಿಸಿಬಿಡುತ್ತದೆ. ಆದ್ದರಿಂದ ಸಿ3ಬಿಯನ್ನು ಗಾಳಿಯಲ್ಲಿ ತೇಲುವಂತೆ ಬರೆಯಬೇಡಿ, ಪೊರೆಗೆ ಗೆರೆ ಎಳೆದು ಜೋಡಿಸಿ. ಚಿತ್ರದ ಉಳಿದ ಭಾಗವೆಲ್ಲ ಈ ಗೆರೆಯ ಮೇಲೆ ನಿಂತಿದೆ.

ಹಂತ 2: ಎಡಗಡೆಯ ಎರಡು ದಾರಿಗಳನ್ನು ಒಟ್ಟಿಗೆ ಮುಗಿಸಿ

ಕ್ಲಾಸಿಕಲ್ ದಾರಿಯಲ್ಲಿ ಮೇಲ್ಮೈಗೆ ಅಂಟಿದ ಒಂದು ಐಜಿಎಂ ಪ್ರತಿಕಾಯವನ್ನೋ ಅಕ್ಕಪಕ್ಕ ಕುಳಿತ ಹಲವು ಐಜಿಜಿ ಪ್ರತಿಕಾಯಗಳನ್ನೋ ಸಿ1ರ ಭಾಗವಾದ ಸಿ1ಕ್ಯೂ ಹಿಡಿಯುತ್ತದೆ, ಅದರ ಜೊತೆಗಿರುವ ಸಿ1ಎಸ್ ಎಂಬ ಕಿಣ್ವ ಚುರುಕಾಗುತ್ತದೆ. ಲೆಕ್ಟಿನ್ ದಾರಿಯಲ್ಲಿ ಮ್ಯಾನೋಸ್‌ನಂಥ ಸಕ್ಕರೆಗಳನ್ನು ಎಂಬಿಎಲ್ ಅಥವಾ ಫೈಕೋಲಿನ್ ಹಿಡಿಯುತ್ತದೆ, ಅದರ ಜೊತೆಗಿರುವ ಮಾಸ್ಪ್-2 ಚುರುಕಾಗುತ್ತದೆ. ಎರಡೂ ಕತ್ತರಿಸುವುದು ಸಿ4 ಮತ್ತು ಸಿ2 ಅನ್ನು, ಕೊನೆಗೆ ಸಿಗುವುದು ಮೇಲ್ಮೈಗೆ ಅಂಟಿದ ಒಂದೇ ಕಿಣ್ವ, ಸಿ4ಬಿ2ಎ. ಸಿ3 ಅನ್ನು ಕತ್ತರಿಸುವ ಸಿ3 ಕನ್ವರ್ಟೇಸ್ ಇದೇ. ಕೆಲವು ಹೊಸ ಪುಸ್ತಕಗಳು ಇದನ್ನೇ ಸಿ4ಬಿ2ಬಿ ಎಂದು ಬರೆಯುತ್ತವೆ. ಯಾವುದಾದರೂ ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಬಳಸಿ.

ಹಂತ 3: ಆಲ್ಟರ್ನೇಟಿವ್ ದಾರಿಗೆ ಬಾಣವಲ್ಲ, ವೃತ್ತ ಬೇಕು

ಹೆಚ್ಚಿನವರು ಎಡವುವುದು ಇಲ್ಲಿ. ಅಂಗಡಿಯಲ್ಲಿ ಸಿಗುವ ಬಣ್ಣದ ಚಾರ್ಟ್‌ಗಳಲ್ಲಿ ಹಲವು, ‘ಬ್ಯಾಕ್ಟೀರಿಯಾದ ಗೋಡೆ’ ಎಂದು ಬರೆದು ಅಲ್ಲಿಂದ ಸಿ3ಗೆ ನೇರ ಬಾಣ ಹಾಕಿಬಿಡುತ್ತವೆ. ಅಂಥ ಚಾರ್ಟನ್ನು ಗೋಡೆಗೆ ಅಂಟಿಸಿಕೊಳ್ಳಬೇಡಿ, ಏಕೆಂದರೆ ಈ ದಾರಿ ಬ್ಯಾಕ್ಟೀರಿಯಾಕ್ಕಾಗಿ ಕಾಯುವುದೇ ಇಲ್ಲ. ರಕ್ತದಲ್ಲಿ ಸಿ3 ಸದಾ ಸ್ವಲ್ಪ ಸ್ವಲ್ಪವಾಗಿ ನೀರಿನೊಡನೆ ತಾನಾಗಿಯೇ ವರ್ತಿಸುತ್ತ ರೂಪ ಬದಲಿಸುತ್ತಿರುತ್ತದೆ. ಆ ರೂಪಕ್ಕೆ ಫ್ಯಾಕ್ಟರ್ ಬಿ ಅಂಟುತ್ತದೆ, ಫ್ಯಾಕ್ಟರ್ ಡಿ ಅದನ್ನು ಕತ್ತರಿಸಿ ಬಿಬಿ ತುಣುಕನ್ನು ಅಲ್ಲೇ ಉಳಿಸುತ್ತದೆ. ಹೀಗೆ ದ್ರವದಲ್ಲೇ ಹುಟ್ಟಿದ ಕನ್ವರ್ಟೇಸ್ ಒಂದಿಷ್ಟು ಸಿ3 ಅನ್ನು ಕತ್ತರಿಸುತ್ತದೆ, ಅದರಿಂದ ಬಂದ ಸಿ3ಬಿ ಪಕ್ಕದಲ್ಲಿ ಏನಿದೆಯೋ ಅದಕ್ಕೆ ಅಂಟಿಕೊಳ್ಳುತ್ತದೆ. ಆ ಮೇಲ್ಮೈ ನಮ್ಮ ಜೀವಕೋಶದ್ದೂ ಆಗಿರಬಹುದು, ಬ್ಯಾಕ್ಟೀರಿಯಾದ್ದೂ ಆಗಿರಬಹುದು.

ದಾರಿ ಕವಲೊಡೆಯುವುದು ಅಂಟಿಕೊಂಡ ಮೇಲೆ. ನಮ್ಮ ಕೋಶಗಳ ಮೇಲ್ಮೈಯಲ್ಲಿ ಸಯಾಲಿಕ್ ಆಮ್ಲ ಹೇರಳವಾಗಿರುವುದರಿಂದ ಅಲ್ಲಿ ಫ್ಯಾಕ್ಟರ್ ಎಚ್ ಸುಲಭವಾಗಿ ನೆಲೆಯೂರುತ್ತದೆ, ಅದರ ನೆರವಿನಿಂದ ಫ್ಯಾಕ್ಟರ್ ಐ ಸಿ3ಬಿಯನ್ನು ತುಂಡರಿಸಿ ನಿಷ್ಕ್ರಿಯಗೊಳಿಸುತ್ತದೆ. ಈ ರಕ್ಷಣೆಯಿಲ್ಲದ ಬ್ಯಾಕ್ಟೀರಿಯಾದ ಮೇಲೆ ಮಾತ್ರ ಸಿ3ಬಿ ಉಳಿದು, ಫ್ಯಾಕ್ಟರ್ ಬಿಯನ್ನು ಹಿಡಿದು, ಫ್ಯಾಕ್ಟರ್ ಡಿಯ ಕತ್ತರಿಕೆಯ ನಂತರ ಸಿ3ಬಿಬಿಬಿ ಎಂಬ ಕನ್ವರ್ಟೇಸ್ ಆಗುತ್ತದೆ. ಇದರ ಅರ್ಧಾಯುಷ್ಯ ಸುಮಾರು ಒಂದೂವರೆ ನಿಮಿಷ ಮಾತ್ರ. ಪ್ರೊಪರ್ಡಿನ್ ಬಂದು ಹಿಡಿದುಕೊಂಡರೆ ಅದು 5ರಿಂದ 10 ಪಟ್ಟು ಹೆಚ್ಚುತ್ತದೆ.

ಈ ಕನ್ವರ್ಟೇಸ್ ಕತ್ತರಿಸುವುದು ಮತ್ತೆ ಸಿ3 ಅನ್ನೇ. ಹುಟ್ಟಿದ ಪ್ರತಿ ಸಿ3ಬಿಯೂ ಹೊಸ ಕನ್ವರ್ಟೇಸ್‌ಗೆ ಅಡಿಪಾಯವಾಗಬಲ್ಲದು, ಆದ್ದರಿಂದ ಇಲ್ಲಿ ಸಿ3ಬಿಯಿಂದ ಹೊರಟು ಸಿ3ಬಿಗೇ ಮರಳುವ ವೃತ್ತ ಬರೆಯಬೇಕು. ಕ್ಲಾಸಿಕಲ್ ಅಥವಾ ಲೆಕ್ಟಿನ್ ದಾರಿ ಅಂಟಿಸಿದ ಸಿ3ಬಿ ಕೂಡ ಇದೇ ವೃತ್ತವನ್ನು ಸೇರುತ್ತದೆ. ಎಡಗಡೆಯಿಂದ ಈ ವೃತ್ತಕ್ಕೆ ಒಂದು ಬಾಣ ಎಳೆಯದಿದ್ದರೆ ನಿಮ್ಮ ಚಿತ್ರ ಅಪೂರ್ಣ.

ಹಂತ 4: ಸಿ3ಯಿಂದ ಸಿ5ಕ್ಕೆ ದಾಟುವುದು

‘ಸಿ5 ಕನ್ವರ್ಟೇಸ್’ ಎಂಬ ಹೊಸ ಕಿಣ್ವವೊಂದು ಎಲ್ಲಿಂದಲೋ ಬರುತ್ತದೆ ಎಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ಹಾಗೇನೂ ಬರುವುದಿಲ್ಲ. ಇರುವ ಸಿ3 ಕನ್ವರ್ಟೇಸ್‌ಗೇ ಇನ್ನೊಂದು ಸಿ3ಬಿ ಸೇರಿಕೊಳ್ಳುತ್ತದೆ, ಅಷ್ಟೇ. ಎಡಗಡೆ ಅದು ಸಿ4ಬಿ2ಎ3ಬಿ, ಬಲಗಡೆ ಸಿ3ಬಿಬಿಬಿ3ಬಿ. ಕತ್ತರಿಸುವ ಭಾಗ ಮೊದಲಿನದೇ, ಎಡಗಡೆ 2ಎ ಮತ್ತು ಬಲಗಡೆ ಬಿಬಿ. ಹೊಸದಾಗಿ ಸೇರಿದ ಸಿ3ಬಿಯಿಂದಾಗಿ ಸಿ5 ಅಣು ಅಲ್ಲಿ ಬಿಗಿಯಾಗಿ ಕೂರುವಂತಾಗುತ್ತದೆ. ಸಂಕೇತಗಳನ್ನು ಬಾಯಿಪಾಠ ಮಾಡುವ ಸೂತ್ರಗಳನ್ನು ಬಿಟ್ಟು, ‘ಅಡಿಪಾಯ, ಕತ್ತರಿ, ಹೆಚ್ಚುವರಿ ಸಿ3ಬಿ’ ಎಂಬ ಕ್ರಮದಲ್ಲಿ ಓದಿಕೊಂಡರೆ ಎರಡೂ ಹೆಸರುಗಳು ತಾವಾಗಿಯೇ ಬರುತ್ತವೆ.

ಹಂತ 5: ಇಲ್ಲಿಂದ ಒಂದೇ ದಾರಿ

ಸಿ5 ಕತ್ತರಿಸಲ್ಪಟ್ಟ ಮೇಲೆ ಮುಂದೆ ಕಿಣ್ವದ ಕೆಲಸವಿಲ್ಲ, ಬರೀ ಜೋಡಣೆ. ಸಿ5ಬಿಗೆ ಸಿ6 ಮತ್ತು ಸಿ7 ಸೇರಿದಾಗ ಆ ಗುಂಪು ಪೊರೆಗೆ ಅಂಟುತ್ತದೆ, ಸಿ8 ಪೊರೆಯೊಳಗೆ ತೂರುತ್ತದೆ, ಅದರ ಬೆನ್ನಿಗೆ 18ರಷ್ಟು ಸಿ9 ಅಣುಗಳು ಸುತ್ತ ಜೋಡಿಸಿಕೊಂಡು ಸುಮಾರು 10 ನ್ಯಾನೋಮೀಟರ್ ಅಗಲದ ರಂಧ್ರವಾಗುತ್ತದೆ. ನಮ್ಮ ಕೋಶಗಳ ಮೇಲೆ ಸಿಡಿ59 ಎಂಬ ಪ್ರೋಟೀನ್ ಈ ಸಿ9 ಜೋಡಣೆಯನ್ನು ತಡೆಯುತ್ತದೆ. ಗೋಡೆ ದಪ್ಪವಿರುವ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳನ್ನು ಈ ರಂಧ್ರ ಕೊಲ್ಲಲಾರದು. ನೈಸೀರಿಯಾ ಕುಲದಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಇದು ಮಾರಕ.

ಹಂತ 6: ಚಿತ್ರವನ್ನು ಒಂದು ಪ್ರಕರಣದಿಂದ ಪರೀಕ್ಷಿಸಿ

ನೈಸೀರಿಯಾ ಕುಲದ ಮೆನಿಂಗೋಕಾಕಸ್‌ನಿಂದ ಮಿದುಳುಪೊರೆ ಸೋಂಕು ಎರಡನೆಯ ಬಾರಿಗೆ ಬಂದಿರುವ ಹದಿಹರೆಯದ ಹುಡುಗನೊಬ್ಬನಿದ್ದಾನೆ ಎಂದುಕೊಳ್ಳಿ. ಪ್ರಯೋಗಾಲಯಕ್ಕೆ ಎರಡು ಪರೀಕ್ಷೆಗಳನ್ನು ಕೇಳಬೇಕು. ಸಿಎಚ್50 ಪರೀಕ್ಷೆಯಲ್ಲಿ ಪ್ರತಿಕಾಯ ಲೇಪಿಸಿದ ಕುರಿಯ ಕೆಂಪು ರಕ್ತಕಣಗಳು ಒಡೆಯುತ್ತವೆಯೇ ಎಂದು ನೋಡುತ್ತಾರೆ. ಅದು ಕ್ಲಾಸಿಕಲ್ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಅಳೆಯುತ್ತದೆ. ಎಎಚ್50 ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಮೆಗ್ನೀಸಿಯಂ ಮಾತ್ರ ಉಳಿಸುತ್ತಾರೆ. ಸಿ1ಕ್ಕೂ ಎಂಬಿಎಲ್‌ಗೂ ಕ್ಯಾಲ್ಸಿಯಂ ಬೇಕಾದ್ದರಿಂದ ಆ ಎರಡು ದಾರಿಗಳು ಮುಚ್ಚಿಹೋಗಿ, ಮೊಲದ ರಕ್ತಕಣಗಳನ್ನು ಆಲ್ಟರ್ನೇಟಿವ್ ದಾರಿಯೊಂದೇ ಒಡೆಯಬೇಕಾಗುತ್ತದೆ.

ಸಿಎಚ್50 ಮಾತ್ರ ಶೂನ್ಯವಾದರೆ ಕೊರತೆ ಸಿ1, ಸಿ4, ಸಿ2ಗಳಲ್ಲಿ ಒಂದರದ್ದು. ಎಎಚ್50 ಮಾತ್ರ ಶೂನ್ಯವಾದರೆ ಫ್ಯಾಕ್ಟರ್ ಬಿ, ಫ್ಯಾಕ್ಟರ್ ಡಿ ಅಥವಾ ಪ್ರೊಪರ್ಡಿನ್‌ನದ್ದು. ನಮ್ಮ ಹುಡುಗನಲ್ಲಿ ಎರಡೂ ಶೂನ್ಯ, ಆದರೆ ಸಿ3 ಮಟ್ಟ ಸಹಜವಾಗಿದೆ. ಹಾಗಿದ್ದರೆ ತಪ್ಪು ಇರುವುದು ದಾರಿಗಳು ಸೇರಿದ ನಂತರ, ಸಿ5ರಿಂದ ಸಿ8ರ ನಡುವೆ. ಸಿ9 ಒಂದೇ ಇಲ್ಲದಿದ್ದರೆ ಸಿ8ರವರೆಗಿನ ಗುಂಪೇ ನಿಧಾನವಾಗಿ ಕಣಗಳನ್ನು ಒಡೆಯುವುದರಿಂದ ಸಿಎಚ್50 ಕುಗ್ಗುತ್ತದೆಯೇ ಹೊರತು ಶೂನ್ಯವಾಗುವುದಿಲ್ಲ. ಸಿ3ಬಿ ಅಂಟುವ ಕೆಲಸ ಇವನಲ್ಲಿ ಸರಿಯಾಗಿಯೇ ನಡೆಯುತ್ತಿದೆ, ಆದ್ದರಿಂದ ಮೆನಿಂಗೋಕಾಕಸ್ ಲಸಿಕೆಯಿಂದ ಪ್ರತಿಕಾಯ ಹೆಚ್ಚಿದರೆ ಭಕ್ಷಕ ಕೋಶಗಳು ಬ್ಯಾಕ್ಟೀರಿಯಾವನ್ನು ನುಂಗಿ ರಕ್ಷಣೆ ಕೊಡಬಲ್ಲವು.

ಎರಡೂ ಶೂನ್ಯ ಎಂಬ ವರದಿಯನ್ನು ಒಂದೇ ಮಾದರಿಯ ಮೇಲೆ ನಂಬಬೇಡಿ. ಸೀರಮ್ ಬೆಚ್ಚಗಿನ ಕೋಣೆಯಲ್ಲಿ ಗಂಟೆಗಟ್ಟಲೆ ಉಳಿದರೂ ಕಾಂಪ್ಲಿಮೆಂಟ್ ಹಾಳಾಗಿ ಇದೇ ಫಲಿತಾಂಶ ಬರುತ್ತದೆ. ಹೊಸದಾಗಿ ರಕ್ತ ತೆಗೆದು, ಹೆಪ್ಪುಗಟ್ಟಿದ ಬಳಿಕ ತಡಮಾಡದೆ ಸೀರಮ್ ಬೇರ್ಪಡಿಸಿ, ಅಂದೇ ಪರೀಕ್ಷಿಸಲಾಗದಿದ್ದರೆ ಮೈನಸ್ 70 ಡಿಗ್ರಿಯಲ್ಲಿಟ್ಟು, ಎರಡನೆಯ ವರದಿಯೂ ಹಾಗೆಯೇ ಬಂದ ಮೇಲೆ ಸಿ5ರಿಂದ ಸಿ8ರವರೆಗಿನ ಪ್ರೋಟೀನುಗಳನ್ನು ಒಂದೊಂದಾಗಿ ಅಳೆಸಬೇಕು.