ರಂಗೋಲಿಯ ಮೇಲೆ ಬಿದ್ದ ನಮ್ಮದೇ ನೆರಳನ್ನು ತೆಗೆಯುವುದು

ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಸಿಮೆಂಟಿನ ಅಂಗಳದ ರಂಗೋಲಿಯ ಫೋಟೋ ತೆಗೆದರೆ ನಮ್ಮ ತಲೆ, ಭುಜಗಳ ನೆರಳೂ ಅದರೊಳಗೆ ಬಂದು ಕೂರುತ್ತದೆ. ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾಗ ನೆರಳಿನ ಉದ್ದ ನಮ್ಮ ಎತ್ತರದ ಸುಮಾರು ಒಂದೂಮುಕ್ಕಾಲು ಪಟ್ಟು. ಪಕ್ಕಕ್ಕೆ ಸರಿದರೆ ತಪ್ಪೀತು, ಆದರೆ ಹಿಂದಿನ ಬಾಗಿಲು, ತೋರಣ ಎಲ್ಲ ಸೇರಬೇಕೆಂದರೆ ನಿಲ್ಲುವ ಜಾಗ ಅದೊಂದೇ ಆಗಿರುತ್ತದೆ.

ಇಂಥ ಕಡೆ ನಾನು ಕ್ಲೋನ್ ಟೂಲ್ ಮುಟ್ಟುವುದಿಲ್ಲ. ಕ್ಲೋನ್ ಮಾಡಿದರೆ ನೆರಳಿನೊಳಗಿನ ಎಳೆಗಳನ್ನು ನಾವೇ ಬರೆದ ಹಾಗಾಗುತ್ತದೆ, ಚುಕ್ಕಿಗಳ ಲೆಕ್ಕವೂ ತಪ್ಪುತ್ತದೆ. ಅಲ್ಲಿ ರಂಗೋಲಿ ಇದ್ದೇ ಇದೆ, ಬಿಸಿಲಿನ ಪಾಲಷ್ಟೇ ಇಲ್ಲ. ಆ ಪಾಲನ್ನು ಅಳೆದು ವಾಪಸ್ ಕೊಟ್ಟರೆ ಸಾಕು. ಇದಕ್ಕೆ ರಾ ಫೈಲ್ ಬೇಕು. ನೆರಳನ್ನು ನಾಲ್ಕು ಪಟ್ಟು ಎತ್ತಬೇಕಾಗುವುದರಿಂದ ಜೆಪೆಗ್ ಆದರೆ ಚೌಕಚೌಕವಾಗಿ ಒಡೆದು ಕಾಣುತ್ತದೆ.

ಗಿಂಪ್ 2.10ರಲ್ಲಿ ಮೊದಲು Image > Precision ಒಳಗೆ 32 bit floating point ಮತ್ತು Linear light ಆರಿಸುತ್ತೇನೆ. ಹೀಗೆ ಮಾಡಿದಾಗ ಸಂಖ್ಯೆಗಳು ನಿಜವಾದ ಬೆಳಕಿನ ಪ್ರಮಾಣದಲ್ಲೇ ಇರುತ್ತವೆ, ಎಷ್ಟು ಪಟ್ಟು ಎಂಬುದು ನೇರ ಭಾಗಾಕಾರವಾಗುತ್ತದೆ. ಆಮೇಲೆ ಕಲರ್ ಪಿಕರ್‌ನಲ್ಲಿ Sample average ಹಾಕಿ, ನೆರಳಿನ ಅಂಚಿನ ಎರಡೂ ಬದಿಯ ಬರೀ ಸಿಮೆಂಟನ್ನು ಅಳೆಯುತ್ತೇನೆ. ಓದಬೇಕಾದದ್ದು Pixel ಸಾಲಿನ ಅಂಕಿಗಳನ್ನು. ಬಿಸಿಲಲ್ಲಿ ಕೆಂಪು 0.44, ಹಸಿರು 0.41, ನೀಲಿ 0.36 ಇದ್ದು, ನೆರಳಲ್ಲಿ 0.10, 0.105, 0.12 ಇದೆ ಎಂದುಕೊಳ್ಳಿ. ಅಂದರೆ ಕೆಂಪನ್ನು 4.4 ಪಟ್ಟು, ಹಸಿರನ್ನು 3.9, ನೀಲಿಯನ್ನು ಬರೀ 3 ಪಟ್ಟು ಎತ್ತಬೇಕು. ನೆರಳಿಗೆ ಬೆಳಕು ಕೊಡುವುದು ನೀಲಿ ಆಕಾಶವಾದ್ದರಿಂದ ಈ ವ್ಯತ್ಯಾಸ. ಮೂರನ್ನೂ ಒಂದೇ ಸಮ ಎತ್ತಿದರೆ ನೆರಳು ಹೋದ ಜಾಗದಲ್ಲಿ ನೀಲಿ ಆಳೊಬ್ಬ ಮಲಗಿರುತ್ತಾನೆ.

ಲೇಯರ್ ನಕಲು ಮಾಡಿ, ಮೇಲಿನದಕ್ಕೆ Colors > Levels ತೆರೆದು, ಲೀನಿಯರ್ ಆಯ್ಕೆ ಇಟ್ಟುಕೊಂಡು, ಒಂದೊಂದೇ ಚಾನೆಲ್‌ನ ಇನ್‌ಪುಟ್ ಬಿಳಿ ತುದಿಯನ್ನು ಇಳಿಸುತ್ತೇನೆ. 100ನ್ನು ಆಯಾ ಪಟ್ಟಿನಿಂದ ಭಾಗಿಸಿದರೆ ಬೇಕಾದ ಅಂಕಿ ಸಿಗುತ್ತದೆ: 22.7, 25.6, 33.3. ನಂತರ ಅದೇ ಲೇಯರ್‌ಗೆ ಕಪ್ಪು ಮಾಸ್ಕ್ ಹಾಕಿ ನೆರಳಿನ ಆಕಾರದಷ್ಟು ಜಾಗಕ್ಕೆ ಬಿಳಿ ತುಂಬುವುದು. ಇಷ್ಟರವರೆಗೆ ಸಲೀಸು.

ನಿಜವಾದ ಕೆಲಸ ಇರುವುದು ಅಂಚಿನಲ್ಲಿ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಪಾದದ ಹತ್ತಿರ ನೆರಳಿನ ಅಂಚು ಚೂಪಾಗಿದ್ದು, ತಲೆಯ ಕಡೆ ಹೋದಂತೆ ಮಸುಕಾಗುತ್ತದೆ. 1.7 ಮೀಟರ್ ಎತ್ತರದವರ ತಲೆಯಿಂದ ಅದರ ನೆರಳಿಗೆ, 30 ಡಿಗ್ರಿ ಬಿಸಿಲಲ್ಲಿ, 3.4 ಮೀಟರ್ ದೂರ. ಭುಜದ ಪಕ್ಕಗಳಲ್ಲಿ ಮಸುಕು ಸುಮಾರು 3 ಸೆಂಟಿಮೀಟರ್ ಇದ್ದರೆ, ನೆತ್ತಿಯ ತುದಿಯಲ್ಲಿ ಬೆಳಕು ಓರೆಯಾಗಿ ನೆಲಕ್ಕೆ ಬೀಳುವುದರಿಂದ ಸುಮಾರು 6 ಆಗುತ್ತದೆ. ಇಡೀ ಮಾಸ್ಕಿಗೆ ಒಂದೇ ಬ್ಲರ್ ಕೊಟ್ಟರೆ ಒಂದು ಕಡೆ ಕಪ್ಪು ಗೆರೆ, ಇನ್ನೊಂದು ಕಡೆ ಬಿಳಿ ಗೆರೆ ಉಳಿಯುತ್ತದೆ. ಕಾಲು, ಸೊಂಟ, ತಲೆ ಎಂದು ಮೂರು ಭಾಗ ಮಾಡಿ ಬ್ಲರ್ ಹೆಚ್ಚಿಸುತ್ತಾ ಹೋಗುತ್ತೇನೆ.

ಬ್ಲರ್ ಸರಿಯಿದ್ದರೂ ಸುತ್ತಲೂ ಬೆಳ್ಳಗಿನ ಗೆರೆ ಕಂಡರೆ ಕಾರಣ ಬೇರೆ. ಅಂಚಿನ ನಟ್ಟನಡುವೆ ಅರ್ಧ ಬಿಸಿಲು ಆಗಲೇ ಬಿದ್ದಿದೆ. ನಾಲ್ಕು ಪಟ್ಟಿನ ನೆರಳಾದರೆ ಅಲ್ಲಿಗೆ ಬೇಕಾದದ್ದು 1.6 ಪಟ್ಟು ಮಾತ್ರ. ಮಾಸ್ಕ್ ಅಲ್ಲಿ ಅರ್ಧದಷ್ಟು ಕೆಲಸ ಮಾಡಿದರೆ 2.5 ಪಟ್ಟು ಬೆಳಕು ಸುರಿಯುತ್ತದೆ, ಅದೇ ಆ ಗೆರೆ. ಮಾಸ್ಕಿನ ಮೇಲೆ Curves ತೆರೆದು, ಕಪ್ಪುಬಿಳಿ ತುದಿಗಳನ್ನು ಬಿಟ್ಟು ನಡುಭಾಗವನ್ನು ಕೆಳಗೆಳೆಯಬೇಕು. ಅಲ್ಲಿ ಮಾಸ್ಕಿನ ಪ್ರಭಾವ ಐದನೇ ಒಂದು ಭಾಗಕ್ಕಿಳಿದಾಗ ಗೆರೆ ಕರಗುತ್ತದೆ. ಲೆಕ್ಕಕ್ಕಿಂತ ಕಣ್ಣನ್ನೇ ನಂಬಿ ಎಳೆಯುವುದು ಬೇಗ.

ಇನ್ನೊಂದು ತೊಡಕು: ಪಾದದ ಹತ್ತಿರ ನೆರಳು ಹೆಚ್ಚು ಕಪ್ಪು, ಏಕೆಂದರೆ ಅಲ್ಲಿ ನಮ್ಮ ದೇಹ ಬಿಸಿಲಿನ ಜೊತೆಗೆ ಆಕಾಶವನ್ನೂ ಒಂದಷ್ಟು ಮರೆಮಾಡುತ್ತದೆ. ಚಿತ್ರದಲ್ಲಿ ಕಾಲೂ ಬಂದಿದ್ದರೆ ಎರಡೂ ತುದಿಯಲ್ಲಿ ಅಳೆದು, ಪಾದದ ಅಳತೆಗೆ Levels ಕೊಟ್ಟು, ತಲೆಯ ಕಡೆಗೆ ಮಾಸ್ಕನ್ನು ಗ್ರೇಡಿಯಂಟ್‌ನಿಂದ ತುಸು ಕಂದಿಸುತ್ತೇನೆ. ಕೆಂಪು ಅಂಗಿ ತೊಟ್ಟಿದ್ದರೆ ಕಾಲಬಳಿ ಅದರ ಛಾಯೆಯೂ ಇರುತ್ತದೆ.

ನುಣುಪು ಸಿಮೆಂಟು, ಸಾರಿಸಿದ ನೆಲಕ್ಕೆ ಈ ವಿಧಾನ ಚೆನ್ನಾಗಿ ಒಪ್ಪುತ್ತದೆ. ಜಲ್ಲಿ, ಮರಳು, ಹುಲ್ಲಿನ ಮೇಲೆ ಸೋಲುತ್ತದೆ. ಅಲ್ಲಿ ಓರೆ ಬಿಸಿಲಿಗೆ ಪ್ರತಿ ಕಲ್ಲಿಗೂ ತನ್ನದೇ ಪುಟ್ಟ ನೆರಳಿರುತ್ತದೆ, ನಮ್ಮ ನೆರಳಿನೊಳಗೆ ಅದು ಇರುವುದಿಲ್ಲ. ಬೆಳಕು, ಬಣ್ಣ ಎರಡೂ ಸರಿಹೊಂದಿದರೂ ಆ ಜಾಗ ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿ ಕಾಣುತ್ತದೆ. ಅಂಥ ನೆಲಕ್ಕೆ ಕ್ಲೋನ್ ಟೂಲೇ ಸರಿ, ಹೇಗೂ ಅಲ್ಲಿ ಕಾಪಾಡಬೇಕಾದ ಎಳೆಗಳಿರುವುದಿಲ್ಲ.