ಕಳೆದುಹೋದ ಕ್ರಯಪತ್ರ: ನನ್ನ ಅನುಭವ

ಮನೆ ಬದಲಾಯಿಸುವಾಗ ನಮ್ಮ ನಿವೇಶನದ ಮೂಲ ಕ್ರಯಪತ್ರವಿದ್ದ ಹಸಿರು ಫೈಲು ಕಳೆದುಹೋಯಿತು. ಮರುದಿನವೇ ಠಾಣೆಗೆ ಹೋದೆ. ಆದರೆ ದಸ್ತಾವೇಜಿನ ಸಂಖ್ಯೆಯಾಗಲಿ ನೋಂದಣಿಯ ದಿನಾಂಕವಾಗಲಿ ನನಗೆ ನೆನಪಿರಲಿಲ್ಲ. ಆ ವಿವರಗಳಿಲ್ಲದ ದೂರು ಮುಂದೆ ಯಾವ ಕಾಗದಕ್ಕೂ ತಾಳೆಯಾಗುವುದಿಲ್ಲವೆಂದು ಅಲ್ಲಿನ ಬರಹಗಾರರು ತಿಳಿಸಿದ್ದು ಉಪಕಾರವೇ ಆಯಿತು.

ಹಾಗಾಗಿ ಮೊದಲು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ, ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆ. ಖರೀದಿಯ ವರ್ಷ ಸರಿಯಾಗಿ ಗೊತ್ತಿಲ್ಲದಿದ್ದರೆ ಅವಧಿಯನ್ನು ಹಿಂದೆ ಮುಂದೆ ಒಂದೆರಡು ವರ್ಷ ವಿಸ್ತರಿಸಿ ಕೇಳುವುದು ಒಳ್ಳೆಯದು. ಅದರಲ್ಲಿ ದಸ್ತಾವೇಜಿನ ಸಂಖ್ಯೆ, ದಿನಾಂಕ, ಉಭಯ ಪಕ್ಷಗಳ ಹೆಸರು ಎಲ್ಲವೂ ದೊರೆತವು. ನಮಗೆ ತಿಳಿಯದ ಅಡಮಾನವೇನೂ ನೋಂದಣಿಯಾಗಿಲ್ಲವೆಂಬ ಸಮಾಧಾನವೂ ಸಿಕ್ಕಿತು.

ಅದೇ ವಿವರಗಳನ್ನು ಅಕ್ಷರಶಃ ದೂರಿನಲ್ಲಿ ಬರೆದು ಸ್ವೀಕೃತಿ ಪಡೆದೆ. ಹುಡುಕಾಟದ ನಂತರ ‘ಪತ್ತೆಯಾಗಿಲ್ಲ’ ಎಂಬ ಹಿಂಬರಹವನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕಾಯಿತು, ಏಕೆಂದರೆ ನಾನು ಸಾಲ ಕೇಳಿದ್ದ ಬ್ಯಾಂಕಿನ ವಕೀಲರು ಬರೀ ಸ್ವೀಕೃತಿಯನ್ನು ಒಪ್ಪಲಿಲ್ಲ.

ಬಳಿಕ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು, ಆಕ್ಷೇಪಣೆಗೆ 15 ದಿನ ಕಾಲಾವಕಾಶ ನೀಡಿದೆ. ಮೂಲಪತ್ರವನ್ನು ಯಾರಾದರೂ ಒತ್ತೆಯಿಟ್ಟು ಸಾಲ ಪಡೆಯುವ ಅಪಾಯವಿರುವುದರಿಂದ ಈ ಹಂತವನ್ನು ಬಿಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಚಕ್ಕುಬಂದಿಯಲ್ಲಿ ಪೂರ್ವ, ಪಶ್ಚಿಮ ಅದಲುಬದಲಾಗಿದ್ದುದನ್ನು ಅಚ್ಚಿಗೆ ಹೋಗುವ ಮುನ್ನ ನನ್ನ ಪತ್ನಿ ಗುರುತಿಸಿದರು. ಕತ್ತರಿಸಿದ ತುಣುಕನ್ನಲ್ಲ, ದಿನಾಂಕವಿರುವ ಪೂರ್ಣ ಪುಟವನ್ನೇ ಕಾಯ್ದಿಡಬೇಕು.

ಸಂಖ್ಯೆ ಕೈಯಲ್ಲಿದ್ದುದರಿಂದ ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲು ಸುಲಭವಾಗಿ ದೊರೆಯಿತು. ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಮೂಲಪತ್ರದ ಒಕ್ಕಣೆಯನ್ನು ರುಜುವಾತುಪಡಿಸಲು ಈ ನಕಲನ್ನು ಸ್ವೀಕರಿಸಲಾಗುತ್ತದೆ. ಆದರೂ ಬ್ಯಾಂಕಿನವರು ಇದರೊಂದಿಗೆ ಹಿಂಬರಹ, ಪತ್ರಿಕಾ ಪುಟಗಳು ಮತ್ತು ನನ್ನ ಶಪಥಪತ್ರವನ್ನು ಕೇಳಿ ಪಡೆದ ಮೇಲೆಯೇ ಸಾಲದ ಅರ್ಜಿಯನ್ನು ಮುಂದುವರಿಸಿದರು.